ಇನ್ನೂರ ಐವತ್ತೈದರ ಉಸಾಬರಿ

ನನ್ನ ತ್ರೀಡಿ ಪ್ರಿಂಟರಿನ ಗುಂಡಿ ತಿರುಗಿಸುತ್ತ ಹೋದರೆ ನಾಝಲ್‌ನ ತಾಪಮಾನ 260 ಡಿಗ್ರಿಯವರೆಗೂ ಏರುತ್ತದೆ. ಅಲ್ಲಿಂದ ಮುಂದೆ ಎಷ್ಟು ತಿರುಗಿಸಿದರೂ ಅಂಕಿ ಅಲ್ಲಾಡುವುದಿಲ್ಲ. ಇದನ್ನು ನೋಡಿ ನಾನು ಒಂದು ತೀರ್ಮಾನಕ್ಕೆ ಬಂದಿದ್ದೆ. ಮಷೀನು ಮಾಡಿದವರು ಓದಿಕೊಂಡವರು, ಅಪಾಯ ಎಲ್ಲಿ ಶುರುವಾಗುತ್ತದೆ ಎಂದು ಅವರಿಗೆ ಗೊತ್ತು, ಅದಕ್ಕೇ 260ಕ್ಕೆ ತಡೆ ಹಾಕಿದ್ದಾರೆ. ಅಂದಮೇಲೆ 255ರಲ್ಲಿ ಭಯಪಡುವಂಥದ್ದೇನೂ ಇಲ್ಲ. ಎಂಜಿನಿಯರಿಂಗ್ ಓದದೆಯೂ ಎಂಜಿನಿಯರ್ ಥರ ಯೋಚಿಸಬಲ್ಲೆ ಎಂಬ ಹಮ್ಮು ಬೇರೆ. ಆ ಅಂಕಿ ಇರುವುದು ಹೀಟರ್ ಮತ್ತು ಅದರ ಸೆನ್ಸರ್‌ನ ಕ್ಷೇಮಕ್ಕೆ, ಒಳಗಿರುವ ಬಿಳಿ ಟ್ಯೂಬನ್ನು ಆ ಲೆಕ್ಕದಲ್ಲಿ ಯಾರೂ ಕೇಳಿಯೇ ಇಲ್ಲ ಎಂಬುದು ನನಗೆ ತಿಳಿದದ್ದು ಮಿಕ್ಸಿಯಿಂದಾಗಿ.

ಪ್ರಿಂಟರ್ ನೋಡದವರಿಗಾಗಿ ಒಂದೆರಡು ಮಾತು. ಪ್ಲಾಸ್ಟಿಕ್ ತಂತಿಯನ್ನು ಕರಗಿಸಿ, ಸಣ್ಣ ತೂತಿನಿಂದ ಹೊರಹಾಕಿ, ಪದರದ ಮೇಲೆ ಪದರ ಕೂರಿಸುವುದು ಇದರ ಕೆಲಸ. ತಂತಿಗೆ ಫಿಲಮೆಂಟ್ ಎನ್ನುತ್ತಾರೆ, ದಪ್ಪ 1.75 ಮಿಲಿಮೀಟರ್. ಅದನ್ನು ಕರಗಿಸುವ ಭಾಗ ಹಾಟೆಂಡ್. ಹಾಟೆಂಡ್‌ನ ತಳದಲ್ಲಿ ಹಿತ್ತಾಳೆಯ ನಾಝಲ್, ಅದನ್ನು ಹಿಡಿದಿರುವ ಹೀಟರ್ ಬ್ಲಾಕ್, ಅದರ ಮೇಲೆ ಹೀಟ್ ಬ್ರೇಕ್ ಎಂಬ ಸಣ್ಣ ಲೋಹದ ಕೊರಳು, ಕೊರಳಿನ ಮೇಲೆ ಫ್ಯಾನಿನ ಗಾಳಿಗೆ ತಣ್ಣಗಿರುವ ರೆಕ್ಕೆಗಳು. ಇವಿಷ್ಟರ ನಡುವೆ ಹೊರಗೆ 4 ಮಿಲಿಮೀಟರ್, ಒಳಗೆ 2 ಮಿಲಿಮೀಟರ್ ಅಳತೆಯ ಬಿಳಿ ಪಿಟಿಎಫ್‌ಇ ಟ್ಯೂಬ್ ಇಳಿದಿರುತ್ತದೆ. ನಾನ್‌ಸ್ಟಿಕ್ ತವಾಕ್ಕೆ ಬಳಿಯುವ ವಸ್ತು ಅದೇ. ಜಾರುವುದರಲ್ಲಿ ಅದಕ್ಕೆ ಸಮನಿಲ್ಲ. ದುಬಾರಿ ಮಷೀನುಗಳಲ್ಲಿ ಈ ಟ್ಯೂಬ್ ಕೊರಳಿನ ಮೇಲೇ, ತಣ್ಣನೆಯ ಕಡೆಯಲ್ಲೇ ನಿಂತುಬಿಡುತ್ತದೆ. ನನ್ನಂಥ ಅಗ್ಗದ ಮಷೀನಿನಲ್ಲಿ ಅದು ಕೊರಳಿನ ಒಳಗೆ ತೂರಿ, ಕಾದ ಬ್ಲಾಕಿನೊಳಗೆ ಇಳಿದು, ನಾಝಲ್‌ನ ನೆತ್ತಿಗೆ ಒತ್ತಿ ಕೂತಿರುತ್ತದೆ. ಇದರಲ್ಲಿ ಮೋಸವೇನಿಲ್ಲ. ಮಾಮೂಲಿ ಪಿಎಲ್‌ಎ ಪ್ಲಾಸ್ಟಿಕ್ಕು 200ರ ಆಸುಪಾಸಿನಲ್ಲಿ ಈ ವ್ಯವಸ್ಥೆಯಲ್ಲಿ ಓಡಿದಷ್ಟು ಸರಾಗವಾಗಿ ಇನ್ನೆಲ್ಲೂ ಓಡುವುದಿಲ್ಲ. ತೊಂದರೆ ಬರುವುದು ಮನುಷ್ಯನಿಗೆ ಪಿಎಲ್‌ಎ ಸಾಕೆನಿಸದೆ ಹೋದಾಗ.

ನನಗೆ ಸಾಕೆನಿಸದೆ ಹೋದದ್ದು ಅತ್ತೆ ಬಂದಾಗ. ಅವರು ಬಂದ ವಾರವೇ ಕಡ್ಲೆಬೇಳೆ ರುಬ್ಬುತ್ತಿದ್ದಾಗ ಮಿಕ್ಸಿ ಜಾರಿನ ತಳದ ಕಪ್ಲರ್ ಹಲ್ಲು ಸವೆದು, ಮೋಟರು ತಿರುಗಿದರೂ ಬ್ಲೇಡು ತಿರುಗದ ಸ್ಥಿತಿ ಬಂತು.

"ಅಳಿಯಂದ್ರೇ, ಪಾತ್ರೆ ಅಂಗಡೀಲಿ ನಲವತ್ತು ರೂಪಾಯಿಗೆ ಸಿಗತ್ತೆ, ಬರುವಾಗ ತಂದುಬಿಡಿ" ಎಂದರು.

"ಅಂಗಡಿ ಯಾಕೆ ಅತ್ತೆ? ಮನೇಲೇ ಪ್ರಿಂಟ್ ಮಾಡ್ತೀನಿ. ಎರಡು ಗಂಟೆ ಅಷ್ಟೆ."

ಹೆಂಡತಿ ಒಳಗಿನಿಂದಲೇ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ನಾನು ಅದನ್ನು ಮೆಚ್ಚುಗೆ ಎಂದುಕೊಂಡೆ.

ಮೊದಲ ಕಪ್ಲರನ್ನು ಪಿಎಲ್‌ಎಯಲ್ಲಿ ಮಾಡಿದೆ. ಪಿಎಲ್‌ಎ 60 ಡಿಗ್ರಿಗೆಲ್ಲ ಮೆತ್ತಗಾಗುವ ಸ್ವಭಾವದ್ದು. ಮಿಕ್ಸಿಯ ತಳ ಉಜ್ಜಿ ಬಿಸಿಯಾಗುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಕಪ್ಲರು ಕಡ್ಲೆಬೇಳೆಗಿಂತ ಮೊದಲು ನುಣ್ಣಗಾಯಿತು. ಎರಡನೆಯದು ಪಿಇಟಿಜಿಯದು, 240ರಲ್ಲಿ ಪ್ರಿಂಟ್ ಮಾಡಿದ್ದು. ಅದು ಚಟ್ನಿಯನ್ನು ದಾಟಿತು, ದೋಸೆ ಹಿಟ್ಟಿಗೆ ಬರುವಷ್ಟರಲ್ಲಿ ಅದರ ಒಂದು ಹಲ್ಲು ಹಾರಿ ಫ್ರಿಜ್ಜಿನ ಕೆಳಗೆ ಹೋಯಿತು. ಆಗ ನನಗೆ ಹೊಳೆಯಿತು, ಇಂಥ ಕೆಲಸಕ್ಕೆ ಸರಿಯಾದದ್ದು ನೈಲಾನ್. ಬೇಗ ಸವೆಯುವುದಿಲ್ಲ, ಮುರಿಯುವ ಬದಲು ಬಾಗುತ್ತದೆ. ನಾನು ತರಿಸಿದ ಸುರುಳಿಯ ಡಬ್ಬಿಯ ಮೇಲೆ ಬರೆದಿತ್ತು: 250ರಿಂದ 265 ಡಿಗ್ರಿ. ನನ್ನ ಗುಂಡಿ 260ರವರೆಗೂ ಹೋಗುತ್ತದಲ್ಲ. ನಡುವಿನ 255 ಆರಿಸಿಕೊಂಡೆ. ಮಧ್ಯಮ ಮಾರ್ಗದಲ್ಲಿ ನನಗೆ ಮೊದಲಿನಿಂದಲೂ ನಂಬಿಕೆ.

ಇಲ್ಲಿ ಒಂದು ವಿಷಯ ಹಿಂದಕ್ಕೆ ಹೋಗಿ ಹೇಳಬೇಕು. ಪಿಇಟಿಜಿಯ ಕಾಲದಲ್ಲೇ, ಅಂದರೆ ನೈಲಾನ್ ಮನೆಗೆ ಬರುವ ಮುಂಚೆ, ಟ್ಯೂಬು ನನಗೆ ಸೂಚನೆ ಕೊಟ್ಟಿತ್ತು. ಯಾವುದೋ ಕಾರಣಕ್ಕೆ ಅದನ್ನು ಹೊರಗೆಳೆದಾಗ ತುದಿ ಹಳದಿಗೆ ತಿರುಗಿತ್ತು. ತುದಿಯಿಂದ ಮೇಲಕ್ಕೆ ಬಣ್ಣ ತಿಳಿಯಾಗುತ್ತ ಹೋಗಿ, ಬೆರಳಿನ ಉಗುರಿನಷ್ಟು ದೂರದಲ್ಲಿ ಮತ್ತೆ ಬೆಳ್ಳಗೆ. ಪ್ರಿಂಟು ಚೆನ್ನಾಗಿಯೇ ಬರುತ್ತಿತ್ತು. ಹಳದಿಯಾದರೇನು, ನಮ್ಮ ಮನೆಯ ಸ್ವಿಚ್‌ಬೋರ್ಡುಗಳೂ ಹಳದಿಯಾಗಿವೆ, ಕರೆಂಟು ಬರುತ್ತಿಲ್ಲವೆ ಎಂದು ವಾಪಸು ತೂರಿಸಿದ್ದೆ. ನಿಜ ಹೇಳಬೇಕೆಂದರೆ ಆ ದಿನದ ತೀರ್ಮಾನ ಅಷ್ಟೇನೂ ತಪ್ಪಾಗಿರಲಿಲ್ಲ. ತಪ್ಪಾದದ್ದು ತೂರಿಸಿದ ರೀತಿ. ಅದು ನಾಝಲ್‌ಗೆ ಮುಟ್ಟಿತೋ ಇಲ್ಲವೋ ಎಂದು ನೋಡಲೇ ಇಲ್ಲ.

ನೈಲಾನ್ ಶುರುವಾಯಿತು. ಮೊದಲ ಪದರ ಕೂತದ್ದು ಕಂಡು ಅತ್ತೆಯನ್ನು ಕರೆದು ತೋರಿಸಿದೆ. "ಚೆನ್ನಾಗಿದೆ" ಎಂದು ಹೇಳಿ ಅವರು ಒರಳಿನಲ್ಲಿ ಚಟ್ನಿ ರುಬ್ಬಲು ಹೋದರು. ಅರ್ಧ ಕಪ್ಲರ್ ಎದ್ದಿರಬೇಕು, ಅಷ್ಟರಲ್ಲಿ ಎಕ್ಸ್‌ಟ್ರೂಡರ್ ಟಕ್ ಎಂದಿತು. ಫಿಲಮೆಂಟನ್ನು ಹಲ್ಲುಗಾಲಿಯಿಂದ ಮುಂದಕ್ಕೆ ತಳ್ಳುವ ಭಾಗ ಅದು. ತಳ್ಳಲು ಆಗದಿದ್ದಾಗ ಮೋಟರು ಒಂದು ಹೆಜ್ಜೆ ಹಿಂದಕ್ಕೆ ಜಾರುತ್ತದೆ, ಟಕ್ ಎನ್ನುವುದು ಆಗಲೇ. ಒಂದು ಟಕ್ ಇದ್ದದ್ದು ಟಕಟಕ ಆಯಿತು. ಕಪ್ಲರಿನ ಗೋಡೆ ತೆಳ್ಳಗಾಗುತ್ತ, ಕೊನೆಗೆ ಎಳೆ ಎಳೆಯಾಗಿ, ನಾಝಲ್ ಗಾಳಿಯಲ್ಲಿ ಕೈಬೀಸಿಕೊಂಡು ಓಡಾಡತೊಡಗಿತು.

ಟ್ಯೂಬನ್ನು ಬಿಟ್ಟು ಜಗತ್ತಿನ ಎಲ್ಲದರ ಮೇಲೂ ನನಗೆ ಅನುಮಾನ ಬಂತು. ನೈಲಾನ್ ಗಾಳಿಯಿಂದ ತೇವ ಹೀರುತ್ತದೆ, ಕರಗುವಾಗ ಚಟಪಟ ಎನ್ನುತ್ತದೆ ಎಂದು ಓದಿದ್ದೆ. ಆದ್ದರಿಂದ ಸುರುಳಿಯನ್ನು 70 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿದೆ. ಚಟಪಟ ನಿಂತಿತು, ಟಕಟಕ ನಿಲ್ಲಲಿಲ್ಲ. ಎಕ್ಸ್‌ಟ್ರೂಡರಿನ ಸ್ಪ್ರಿಂಗು ಸಡಿಲವಾಗಿದೆ ಎಂದು ಬಿಗಿ ಮಾಡಿದೆ. ಹಲ್ಲುಗಾಲಿ ಫಿಲಮೆಂಟನ್ನು ಕೊರೆದು ಪುಡಿ ಉದುರಿಸಿತು. ನಾಝಲ್ ಕಟ್ಟಿಕೊಂಡಿದೆ ಎಂದು ಹೊಸದು ಹಾಕಿದೆ. ಹೊಸ ನಾಝಲ್‌ನಲ್ಲಿ ಮೊದಲ ಅರ್ಧ ಗಂಟೆ ಎಲ್ಲ ಸರಿ, ಆಮೇಲೆ ಮತ್ತೆ ಅದೇ ರಾಗ. ಈ ಅರ್ಧ ಗಂಟೆಯಲ್ಲೇ ಉತ್ತರ ಇತ್ತು. ನಾಝಲ್ ಕಟ್ಟಿದ್ದರೆ ಹೊಸ ನಾಝಲ್‌ಗೆ ರೋಗ ವಾಸಿಯಾಗಬೇಕಿತ್ತು. ಸ್ವಲ್ಪ ಹೊತ್ತು ಸರಿಯಿದ್ದು, ಕಾವು ಮೇಲೇರಿದ ಮೇಲೆ ತಳ್ಳುವುದು ಕಷ್ಟವಾಗುತ್ತದೆ ಎಂದರೆ ತೊಂದರೆ ನಾಝಲ್‌ನ ಮೇಲೆ, ಅಂದರೆ ಕೊರಳಿನಲ್ಲಿ. ಪ್ರಿಂಟಿನಲ್ಲಿ ಅಲ್ಲಲ್ಲಿ ಕರೀ ಚುಕ್ಕೆಗಳೂ ಕಾಣುತ್ತಿದ್ದವು. ಅವು ಎಲ್ಲೋ ಸಂದಿಯಲ್ಲಿ ಕೂತು ಸೀದು, ಆಗೀಗ ಕಳಚಿ ಬರುವ ಪ್ಲಾಸ್ಟಿಕ್ಕು. ನಾನು ಅವನ್ನು ಸೊಳ್ಳೆ ಎಂದುಕೊಂಡು ಬ್ಯಾಟು ತಂದಿಟ್ಟುಕೊಂಡಿದ್ದೆ.

ಇಷ್ಟರಲ್ಲಿ ಅತ್ತೆ ಸಂಜೆ ದೇವಸ್ಥಾನಕ್ಕೆ ಹೋದವರು ಬರುವಾಗ ಪಾತ್ರೆ ಅಂಗಡಿಯಿಂದ ಕಪ್ಲರ್ ತಂದರು. ನಲವತ್ತಕ್ಕೆ ಹೇಳಿದ್ದನ್ನು ಮೂವತ್ತೈದಕ್ಕೆ ಚೌಕಾಶಿ ಮಾಡಿದ್ದರು. ಅವರೇ ಸ್ಕ್ರೂಡ್ರೈವರ್ ಹಿಡಿದು, ಎಡಕ್ಕೆ ತಿರುಗಿಸಬೇಕೋ ಬಲಕ್ಕೋ ಎಂದು ನನ್ನನ್ನು ಕೇಳದೆಯೇ ಕೂರಿಸಿಬಿಟ್ಟರು. ಮಿಕ್ಸಿ ಸಮಸ್ಯೆ ಅಲ್ಲಿಗೆ ಮುಗಿಯಿತು. ಆದರೆ ವಿಷಯ ಈಗ ಮಿಕ್ಸಿಯದಾಗಿರಲಿಲ್ಲ, ಮರ್ಯಾದೆಯದಾಗಿತ್ತು.

ಕೊನೆಗೂ ಟ್ಯೂಬನ್ನು ಹೊರತೆಗೆಯಲು ಕೂತೆ. ಅದನ್ನು ಮೇಲೆ ಹಿಡಿದಿಟ್ಟಿರುವುದು ಪುಶ್ ಫಿಟ್ಟಿಂಗ್. ಒಳಗೆ ಸಣ್ಣ ಲೋಹದ ಹಲ್ಲುಗಳಿರುತ್ತವೆ. ಕಾಲರನ್ನು ಕೆಳಕ್ಕೊತ್ತಿದರೆ ಹಲ್ಲು ಬಿಡುತ್ತದೆ, ಟ್ಯೂಬ್ ಬರುತ್ತದೆ. ಹಾಟೆಂಡನ್ನು 200ಕ್ಕೆ ಕಾಯಿಸಿ, ಕಾಲರ್ ಒತ್ತಿ, ಎಳೆದೆ. ಬರಲಿಲ್ಲ. ಇನ್ನೂ ಎಳೆದೆ. ಆರೋಗ್ಯವಾಗಿರುವ ಟ್ಯೂಬು ಎರಡು ಬೆರಳಿಗೆ ಬರಬೇಕು. ಬಾರದೆ ಹೋದರೆ ಕೆಳಗೆ ತುದಿ ಉಬ್ಬಿಕೊಂಡಿದೆ ಎಂದೇ ಅರ್ಥ. ನನಗೆ ಅರ್ಥವಾದದ್ದು ಶಕ್ತಿ ಸಾಲದು ಎಂದು. ಇಕ್ಕಳದಿಂದ ಹಿಡಿದು ಮೊಣಕಾಲು ಟೇಬಲಿಗೆ ಕೊಟ್ಟು ಜಗ್ಗಿದೆ. ಟ್ಯೂಬು ಒಮ್ಮೆಲೇ ಕಿತ್ತುಬಂದು, ನನ್ನ ಮೊಣಕೈ ಹಿಂದಿದ್ದ ಮಜ್ಜಿಗೆ ಚೊಂಬಿಗೆ ಬಡಿದು, ಮಜ್ಜಿಗೆ ಪ್ರಿಂಟರಿನ ಪವರ್ ಸಪ್ಲೈವರೆಗೆ ಹರಿದು ನಿಂತಿತು. ಒಂದು ಅಂಗುಲ ಮುಂದೆ ಹೋಗಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು.

ತುದಿಯನ್ನು ಬೆಳಕಿಗೆ ಹಿಡಿದೆ. ಹಳದಿಯಾಗಿದ್ದ ಜಾಗ ಈಗ ಕಂದು, ಅಂಚು ಹೆಚ್ಚುಕಡಿಮೆ ಕಪ್ಪು. ಬಣ್ಣ ಹೇಗಾದರೂ ಇರಲಿ, ಆಕಾರ ನೋಡಬೇಕಿತ್ತು. ಅಗಿದು ಎಲೆಯ ಬದಿಗಿಟ್ಟ ನುಗ್ಗೆಕಾಯಿಯ ಹಾಗೆ ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಹೊರಚಾಚಿದ ತುಟಿ. ಹೊರಗೆ ಕರಗಿ ಗಟ್ಟಿಯಾದ ನೈಲಾನಿನ ಬಳೆ ಅಂಟಿತ್ತು. ದುಂಡಗಿರಬೇಕಿದ್ದ ತೂತು ಚೌತಿ ಚಂದ್ರನಷ್ಟಾಗಿತ್ತು. ಮೇಲಿನಿಂದ ಫಿಲಮೆಂಟಿನ ತುಂಡು ಬಿಟ್ಟರೆ ಸರಸರನೆ ಜಾರಿ ಬಂದು, ತುದಿಗೆ ಬರುತ್ತಿದ್ದಂತೆ ಗಕ್ಕನೆ ನಿಲ್ಲುತ್ತಿತ್ತು. ಹೊಸ ಟ್ಯೂಬಿನಲ್ಲಾದರೆ ಅದು ತನ್ನ ಭಾರಕ್ಕೇ ಜಾರಿ ಕೆಳಗೆ ಬೀಳುತ್ತದೆ. ಇಷ್ಟು ಸುಲಭದ ಪರೀಕ್ಷೆಯನ್ನು ಮೊದಲೇ ಮಾಡಿದ್ದರೆ ನಾಝಲಿನ ಖರ್ಚು, ಪುಡಿಯಾದ ಫಿಲಮೆಂಟಿನ ಖರ್ಚು, ಸೊಳ್ಳೆ ಬ್ಯಾಟಿನ ಖರ್ಚು ಮೂರೂ ಉಳಿಯುತ್ತಿತ್ತು.

ಪಿಟಿಎಫ್‌ಇ ಕರಗುವುದು 327 ಡಿಗ್ರಿಗೆ. ಹಾಗಿದ್ದ ಮೇಲೆ 255ಕ್ಕೆ ಏನಾಯಿತು ಅದಕ್ಕೆ ಎಂದು ಯಾರಾದರೂ ಕೇಳಬಹುದು, ನಾನೂ ಕೇಳಿದೆ. ಕರಗಲಿಲ್ಲ, ಮೆತ್ತಗಾಗಿ ಜರುಗಿತು. ಟ್ಯೂಬಿನ ಕೊನೆಯ ಒಂದು ಸೆಂಟಿಮೀಟರ್ ಕಾದ ಬ್ಲಾಕಿನೊಳಗಿದೆ ಎಂದುಕೊಳ್ಳಿ. ಕೋಣೆಯ 25ರಿಂದ 255ಕ್ಕೆ ಏರಿದರೆ ವ್ಯತ್ಯಾಸ 230 ಡಿಗ್ರಿ. ಪಿಟಿಎಫ್‌ಇ ಬಿಸಿಗೆ ಹಿಗ್ಗುವುದರಲ್ಲಿ ಉಕ್ಕಿಗಿಂತ ಸುಮಾರು ಹತ್ತು ಪಟ್ಟು ಮುಂದು. ಆ ಒಂದು ಸೆಂಟಿಮೀಟರು ಉದ್ದದಲ್ಲಿ ಕಾಲು ಮಿಲಿಮೀಟರಿಗಿಂತ ತುಸು ಹೆಚ್ಚೇ ಬೆಳೆಯಲು ನೋಡುತ್ತದೆ. ಬೆಳೆಯಲು ಜಾಗ ಎಲ್ಲಿದೆ? ಕೆಳಗೆ ನಾಝಲ್, ಮೇಲೆ ಫಿಟ್ಟಿಂಗಿನ ಹಲ್ಲು, ಸುತ್ತ ಲೋಹದ ಗೋಡೆ. ಖಾಲಿ ಇರುವುದು ನಡುವಿನ ತೂತೊಂದೇ, ಹಾಗಾಗಿ ಒಳಕ್ಕೇ ಉಬ್ಬುತ್ತದೆ. ಮಷೀನು ಆರಿಸಿದಾಗ ಟ್ಯೂಬು ಕುಗ್ಗುತ್ತದೆ, ಆದರೆ ಉಬ್ಬಿದ್ದು ಪೂರ್ತಿ ವಾಪಸು ಬರುವುದಿಲ್ಲ. ಉದ್ದ ಕಡಿಮೆಯಾಗಿ ನಾಝಲ್‌ಗೂ ಟ್ಯೂಬಿಗೂ ನಡುವೆ ಕೂದಲೆಳೆಯಷ್ಟು ಸಂದಿ ಬೀಳುತ್ತದೆ. ಮುಂದಿನ ಸಲ ಕರಗಿದ ಪ್ಲಾಸ್ಟಿಕ್ಕು ಆ ಸಂದಿಗೆ ನುಗ್ಗಿ, ಟ್ಯೂಬಿನ ಹೊರಮೈಯನ್ನೇರಿ, ತಣ್ಣಗಿರುವಲ್ಲಿ ಗಟ್ಟಿಯಾಗಿ ಕೂರುತ್ತದೆ. ಎಳೆ ಸೋರದಿರಲಿ ಎಂದು ಪ್ರಿಂಟರು ಫಿಲಮೆಂಟನ್ನು ಆಗಾಗ ಹಿಂದಕ್ಕೆಳೆಯುತ್ತದಲ್ಲ, ಆ ರಿಟ್ರಾಕ್ಷನ್ ಒಂದೊಂದಕ್ಕೂ ಇನ್ನಷ್ಟು ಪ್ಲಾಸ್ಟಿಕ್ಕು ಸಂದಿಗೆ ಸೇರುತ್ತದೆ. ಇದು 240ರಲ್ಲೂ ನಡೆಯುತ್ತದೆ, ತಿಂಗಳುಗಳ ಲೆಕ್ಕದಲ್ಲಿ. 255ರಲ್ಲಿ ಸಂಜೆಗಳ ಲೆಕ್ಕದಲ್ಲಿ.

ಈ ವಸ್ತು ಹುಟ್ಟಿದ್ದೇ ಒಂದು ಜಾಮ್‌ನಿಂದ. 1938ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞ ಫ್ರಿಜ್ಜಿಗೆ ಹೊಸ ಅನಿಲ ಹುಡುಕುತ್ತಿದ್ದಾಗ ಒಂದು ಸಿಲಿಂಡರಿನಿಂದ ಗ್ಯಾಸೇ ಬರಲಿಲ್ಲ. ತೂಗಿದರೆ ತುಂಬಿದೆ, ವಾಲ್ವು ತಿರುಗಿಸಿದರೆ ಖಾಲಿ. ಗರಗಸದಿಂದ ಸೀಳಿ ನೋಡಿದರೆ ಒಳಗೆ ಬಿಳಿ ಪುಡಿ, ಅದೇ ಪಿಟಿಎಫ್‌ಇ. ಅವನೂ ಕಟ್ಟಿಕೊಂಡ ಕೊಳವೆಯ ಮುಂದೆ ಕೂತವನೇ, ನಾನೂ ಕೂತವನೇ. ಅವನಿಗೆ ಪೇಟೆಂಟ್ ಬಂತು. ನನಗೆ ನೆಲ ಒರೆಸುವ ಬಟ್ಟೆ ಬಂತು, ಹೆಂಡತಿಯ ಕೈಯಿಂದ.

ಇಷ್ಟೆಲ್ಲ ತಿಳಿದ ಮೇಲೆ ಯಾರಾದರೂ ಏನು ಮಾಡುತ್ತಾರೆ? ಹೊಸ ಟ್ಯೂಬು ಹಾಕಿ ಪಿಎಲ್‌ಎಗೆ ಮರಳುತ್ತಾರೆ. ನಾನು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ನೀಲಿ ಬಣ್ಣದ ಒಳ್ಳೆಯ ಟ್ಯೂಬನ್ನೇ ತಂದೆ. ಬಿಳಿಯದಕ್ಕಿಂತ ಒಳಗಿನ ತೂತು ಸಣ್ಣ, 1.9 ಮಿಲಿಮೀಟರ್, ಕೆಲಸದಲ್ಲಿ ನಯ. ಅಂಗಡಿಯವರು "ಇದು ಬಿಸಿ ತಡೀತದೆ ಸಾರ್" ಎಂದರು. ಎಷ್ಟು ಬಿಸಿ ಎಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ನೀಲಿಯೂ ಪಿಟಿಎಫ್‌ಇಯೇ. ಬಿಳಿಗಿಂತ ತುಸು ಹೆಚ್ಚು ದಿನ ತಾಳಬಹುದು, ಕೆಲವು ಡಿಗ್ರಿ ಹೆಚ್ಚು ಸಹಿಸಬಹುದು. ಬಣ್ಣ ಬದಲಾದ ಮಾತ್ರಕ್ಕೆ ಜಾತಿ ಬದಲಾಗುವುದಿಲ್ಲ.

ಮನೆಗೆ ಬಂದು ಅದನ್ನು ಅಡುಗೆಮನೆಯ ಕತ್ತರಿಯಿಂದ ಕತ್ತರಿಸಿದೆ. ಕತ್ತರಿ ಟ್ಯೂಬನ್ನು ಕತ್ತರಿಸುವ ಮೊದಲು ಹಿಸುಕುತ್ತದೆ. ತುದಿ ಮೊಟ್ಟೆಯಾಕಾರ, ಕತ್ತರಿಸಿದ ಗೆರೆ ಓರೆ. ಓರೆ ತುದಿಯನ್ನು ಚಪ್ಪಟೆ ನಾಝಲ್‌ಗೆ ಎಷ್ಟು ಒತ್ತಿದರೂ ಒಂದು ಬದಿ ಬಾಯಿ ತೆರೆದೇ ಇರುತ್ತದೆ. ಆಮೇಲೆ ನಾಝಲನ್ನು ತಣ್ಣಗಿರುವಾಗಲೇ ಬಿಗಿದು, ಟ್ಯೂಬನ್ನು ಮೇಲಿನಿಂದ ತೂರಿಸಿ, ಒಳಗೆ ಉಳಿದಿದ್ದ ಹಳೆ ನೈಲಾನಿಗೆ ತಾಗಿ ನಿಂತದ್ದನ್ನು ನಾಝಲ್‌ಗೆ ತಾಗಿತು ಎಂದುಕೊಂಡು, 255 ಕೊಟ್ಟು, ಊಟಕ್ಕೆ ಹೋದೆ. ಬಂದು ನೋಡುತ್ತೇನೆ, ಕಪ್ಲರ್ ಇರಬೇಕಾದಲ್ಲಿ ಏನೂ ಇಲ್ಲ. ಹೀಟರ್ ಬ್ಲಾಕಿನ ಸುತ್ತ ಮಾತ್ರ ನಿಂಬೆಹಣ್ಣಿನ ಗಾತ್ರದ ಕಂದು ಉಂಡೆ. ಸೆನ್ಸರಿನ ವೈರು, ಹೀಟರಿನ ವೈರು ಎಲ್ಲವೂ ಅದರೊಳಗೆ ಸಮಾಧಿ. ಕೋಣೆಯಲ್ಲಿ ಸುಟ್ಟ ವಾಸನೆ.

ಆಗ ಭಾಮೈದನಿಗೆ ಫೋನು ಮಾಡಿದೆ. ಅವನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಪೀಣ್ಯದಲ್ಲಿ ಟೂಲ್‌ರೂಮಿನಲ್ಲಿ ಕೆಲಸದಲ್ಲಿದ್ದಾನೆ. ಬಂದವನು ಶೂ ಬಿಚ್ಚುವ ಮೊದಲೇ ಕಿಟಕಿ ತೆಗೆದ. ಆಮೇಲೆ ಪ್ರಿಂಟರಿನ ಪಕ್ಕದ ಸ್ಟೂಲಿನ ಮೇಲಿದ್ದ ಮಗಳ ಲವ್‌ಬರ್ಡ್ಸ್ ಪಂಜರವನ್ನು ಎತ್ತಿಕೊಂಡು ಹೋಗಿ ಹಿಂದಿನ ಬಾಲ್ಕನಿಯಲ್ಲಿಟ್ಟ. ಆಮೇಲೆಯೇ ನನ್ನ ಕಡೆ ತಿರುಗಿದ್ದು.

"ಭಾವ, ಪಕ್ಷಿ ಇಲ್ಲಿಟ್ಕೊಂಡು ಎಷ್ಟು ಹೀಟ್ ಕೊಟ್ರಿ?"

"ಇನ್ನೂರ ಐವತ್ತೈದು."

"ನಾನ್‌ಸ್ಟಿಕ್ ತವಾ ಖಾಲಿ ಕಾಯಿಸಿಬಿಟ್ರೆ ಅದರ ಹೊಗೆಗೆ ಗಿಳಿಗಳು ಸತ್ತಿರೋದು ಗೊತ್ತಾ? ಅವುಗಳ ಶ್ವಾಸಕೋಶ ನಮ್ಮದಕ್ಕಿಂತ ಜೋರಾಗಿ ಎಳ್ಕೊಳತ್ತೆ. ಮನುಷ್ಯರಿಗೂ ಜ್ವರ, ಮೈಕೈ ನೋವು ಬರತ್ತೆ, ಫ್ಲೂ ಬಂದ ಹಾಗೆ. 260 ಮೇಲೆ ಇದನ್ನ ದಿನಾ ಓಡಿಸೋ ವಸ್ತುನೇ ಅಲ್ಲ. ನಿಮ್ಮ ಸ್ಕ್ರೀನಲ್ಲಿ 255 ಅಂತ ಇದ್ರೆ ಅದು ಸೆನ್ಸರ್ ಹೇಳಿದ್ದು. ಕಾಯೋವಾಗ ಅಂಕಿ ಒಂದಷ್ಟು ಮೇಲೆ ಹೋಗಿ ಆಮೇಲೆ ಇಳಿಯತ್ತೆ, ನೋಡಿಲ್ವಾ?"

ನೋಡಿದ್ದೆ. 262 ತೋರಿಸಿದ್ದನ್ನು ಮಷೀನಿನ ಉತ್ಸಾಹ ಎಂದುಕೊಂಡಿದ್ದೆ. ಹಕ್ಕಿಗಳಿಗೆ ಏನೂ ಆಗಿರಲಿಲ್ಲ. ಒಂದು ನನ್ನನ್ನೇ ನೋಡುತ್ತಿತ್ತು, ಅಷ್ಟೆ.

ಭಾಮೈದ ಬ್ಲಾಕನ್ನು ಮೆಲ್ಲಗೆ ಕಾಯಿಸಿ, ಉಂಡೆಯನ್ನು ಮೆತ್ತಗಾಗಿಸಿ, ವೈರುಗಳನ್ನು ಮುರಿಯದಂತೆ ಬಿಡಿಸಿ ತೆಗೆದ. ನಾನು ಎಸೆಯದೆ ಇಟ್ಟಿದ್ದ ಹಳೆ ಬಿಳಿ ಟ್ಯೂಬನ್ನು ಕೇಳಿದ. ಅದರ ತುದಿಯನ್ನು ಹೊಸ ಬ್ಲೇಡಿನಿಂದ ತೊಂಡೆಕಾಯಿ ಹೆಚ್ಚುವಷ್ಟೇ ನಿಧಾನವಾಗಿ ತೆಳ್ಳಗೆ ಹೆಚ್ಚಿ, ಬಿಲ್ಲೆಗಳನ್ನು ಬಿಳಿ ಕಾಗದದ ಮೇಲೆ ಸಾಲಾಗಿ ಜೋಡಿಸಿದ. ಮೇಲಿನ ಬಿಲ್ಲೆಗಳಲ್ಲಿ ಹೊರ ಅಂಚಷ್ಟೇ ಕಂದು, ನಡುವಿನ ದಪ್ಪವೆಲ್ಲ ಬಿಳಿ, ತೂತು ದುಂಡಗೆ.

"ಇದನ್ನ ನೋಡಿ ಎಲ್ಲರೂ ಹೆದರ್ಕೊಳ್ತಾರೆ. ಇದು ಬಹುಪಾಲು ಫಿಲಮೆಂಟ್ ಸೀದು ಅಂಟಿದ್ದು. ಬಣ್ಣ ನೋಡಿ ಟ್ಯೂಬ್ ಎಸೆಯಬೇಕಾಗಿಲ್ಲ, ಹೊರಗೆ ತೆಗೆದು ನೋಡಬೇಕು ಅಂತ ಗೊತ್ತಾದ್ರೆ ಸಾಕು." ಕೊನೆಯ ಎರಡು ಬಿಲ್ಲೆಗಳನ್ನು ಬೆರಳಿನಿಂದ ಮುಂದಕ್ಕೆ ಸರಿಸಿದ. ಅವುಗಳಲ್ಲಿ ತೂತು ಸೊಟ್ಟ, ಗೋಡೆ ಒಂದು ಕಡೆ ದಪ್ಪ ಇನ್ನೊಂದು ಕಡೆ ತೆಳು. "ಇದು ಸತ್ತಿರೋದು. ತೂತು ಕಿರಿದಾಗಿದ್ರೆ, ತುದಿ ಉಬ್ಬಿದ್ರೆ, ಎಳೆದಾಗ ಸಿಕ್ಕಾಕ್ಕೊಂಡ್ರೆ ಅಷ್ಟು ಭಾಗ ಕತ್ತರಿಸಿ ಎಸೀಬೇಕು. ಉದ್ದ ಸಾಕಾಗದಿದ್ರೆ ಹೊಸದು."

ಅಂದರೆ ಮೇಲಿನ ಉದ್ದ ಚೆನ್ನಾಗಿದ್ದರೆ, ಕೆಟ್ಟ ಒಂದು ಸೆಂಟಿಮೀಟರನ್ನು ನೇರವಾಗಿ ಕತ್ತರಿಸಿ ಅದೇ ಟ್ಯೂಬನ್ನು ಮತ್ತೆ ಇಳಿಸಬಹುದಿತ್ತು. ನೀಲಿಯದು ಬೇಕೇ ಇರಲಿಲ್ಲ. ಇದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ, ಅಕ್ಕನ ಮನೆ ಎಂಬ ಸಂಕೋಚ ಇರಬೇಕು. ಅಕ್ಕ ಹೇಳಿದಳು.

ಕೂರಿಸುವುದನ್ನು ಅವನು ಮಾಡಿದ ರೀತಿ ನೋಡಿದಾಗ ನಾನು ಇಷ್ಟು ದಿನ ಮಾಡುತ್ತಿದ್ದದ್ದು ಬರೀ ತುರುಕುವುದು ಎಂದು ತಿಳಿಯಿತು. ಬ್ಲೇಡಿನ ಕಟ್ಟರಿನಿಂದ ಆ ಬಿಳಿ ಟ್ಯೂಬಿನ ತುದಿಯನ್ನೇ ನೇರ ಕತ್ತರಿಸಿದ. ನಾಝಲನ್ನು ಪೂರ್ತಿ ಬಿಗಿದು, ಆಮೇಲೆ ಅರ್ಧ ಸುತ್ತು ಸಡಿಲಿಸಿದ. ಟ್ಯೂಬನ್ನು ಮೇಲಿನಿಂದ ನಾಝಲ್‌ಗೆ ತಾಗುವವರೆಗೂ ತಳ್ಳಿ, ಫಿಟ್ಟಿಂಗಿನಲ್ಲಿ ಬಿಗಿ ಮಾಡಿ, ಕಾಲರಿನ ಕೆಳಗೆ ಸಣ್ಣ ಕ್ಲಿಪ್ ಸಿಕ್ಕಿಸಿದ. ಕ್ಲಿಪ್ ಇಲ್ಲದಿದ್ದರೆ ಪ್ರತಿ ರಿಟ್ರಾಕ್ಷನ್‌ಗೂ ಟ್ಯೂಬು ಸ್ವಲ್ಪ ಸ್ವಲ್ಪ ಮೇಲೆದ್ದು ಸಂದಿ ಬೀಳುತ್ತದೆ. ಆಮೇಲೆ ಹಾಟೆಂಡನ್ನು 230ಕ್ಕೆ ಕಾಯಿಸಿ, ಬ್ಲಾಕನ್ನು ಒಂದು ಸ್ಪ್ಯಾನರಿನಲ್ಲಿ ಹಿಡಿದು, ಬಿಟ್ಟಿದ್ದ ಅರ್ಧ ಸುತ್ತನ್ನು ಈಗ ಬಿಗಿದ. ಆ ಅರ್ಧ ಸುತ್ತಿನಲ್ಲಿ ನಾಝಲ್ ಮೇಲೇರಿ ಟ್ಯೂಬನ್ನು ಕೆಳಗಿನಿಂದ ಒತ್ತುತ್ತದೆ, ಸಂದಿ ಮುಚ್ಚುತ್ತದೆ. ಫಿಟ್ಟಿಂಗಿನ ಮೇಲೆ ಟ್ಯೂಬಿಗೆ ಮಾರ್ಕರಿನಿಂದ ಗೆರೆ ಎಳೆದು, "ಈ ಗೆರೆ ಮೇಲೆ ಬಂದ್ರೆ ಟ್ಯೂಬ್ ಎದ್ದಿದೆ ಅಂತ" ಎಂದ. ಇಷ್ಟಕ್ಕೂ ಹಿಡಿದದ್ದು ಒಂದು ಕಾಫಿ ಆರುವಷ್ಟು ಹೊತ್ತು.

"ಇದು ಪಿಎಲ್‌ಎಗೆ, ಪಿಇಟಿಜಿಗೆ. 240 ದಾಟಬಾರದು. ನಿಮಗೆ ನೈಲಾನೇ ಬೇಕಾದ್ರೆ ಎಷ್ಟು ಒಳ್ಳೆ ಟ್ಯೂಬ್ ಹಾಕಿದ್ರೂ ಕೆಲಸ ಇಲ್ಲ ಭಾವ. ಟ್ಯೂಬನ್ನ ಬಿಸಿ ಜಾಗದಿಂದ ಹೊರಗೆ ತೆಗೀಬೇಕು."

ಹೊರಡುವ ಮೊದಲು ನನ್ನ ಲ್ಯಾಪ್‌ಟಾಪ್ ಕೇಳಿ ತೆಗೆದುಕೊಂಡ. ಪ್ರಿಂಟರಿನೊಳಗೆ ಓಡುವ ಮಾರ್ಲಿನ್ ಫರ್ಮ್‌ವೇರಿನ ಕಾನ್ಫಿಗರೇಷನ್ ಫೈಲ್ ತೆರೆದು ನನಗೆ ತೋರಿಸಿದ:

```
#define HEATER_0_MAXTEMP 275
#define HOTEND_OVERSHOOT 15
```

275ರಲ್ಲಿ 15 ಕಳೆದರೆ 260. ನಾನು ಬಲ್ಲವರ ಮಾತು ಎಂದು ನಂಬಿದ್ದ ಗಡಿ ಈ ಎರಡು ಸಾಲಿನ ವ್ಯವಕಲನ. ಕಾಯುವಾಗ ಅಂಕಿ ಮೇಲೆ ಜಿಗಿಯುತ್ತದಲ್ಲ, ಅದಕ್ಕೆ ಬಿಟ್ಟ ಜಾಗ ಆ 15. ಒಳಗೆ ಟ್ಯೂಬು ನಾಝಲ್‌ವರೆಗೆ ಇಳಿದಿದೆಯೋ ಇಲ್ಲವೋ ಎಂದು ಫರ್ಮ್‌ವೇರಿಗೆ ಗೊತ್ತಿಲ್ಲ. ಅವನು 275ನ್ನು 255 ಮಾಡಿ, ಕಂಪೈಲ್ ಮಾಡಿ, ಕಾರ್ಡಿಗೆ ಹಾಕಿ ಮಷೀನಿಗೆ ತುಂಬಿಸಿದ. ಈಗ ಗುಂಡಿ 240ಕ್ಕೇ ನಿಲ್ಲುತ್ತದೆ. ಮಕ್ಕಳಿರುವ ಮನೆಯಲ್ಲಿ ಗ್ಯಾಸಿನ ರೆಗ್ಯುಲೇಟರು ಆರಿಸಿ ಇಡಬೇಕು ಎನ್ನುವವರ ಮುಖ ಇತ್ತು ಅವನದು.

ಒಂದಷ್ಟು ದಿನ ಒಳ್ಳೆಯವನಾಗಿದ್ದೆ. ಆದರೆ ನೈಲಾನಿನ ಸುರುಳಿ ಕಣ್ಣೆದುರೇ ಇತ್ತು, ಅರ್ಧಕ್ಕರ್ಧ ಉಳಿದಿತ್ತು. ಎಸ್‌ಪಿ ರೋಡಿಗೆ ಮತ್ತೆ ಹೋಗಿ ಬೈಮೆಟಲ್ ಹೀಟ್ ಬ್ರೇಕ್ ತಂದೆ. ಕೊರಳಿನ ಮೇಲಿನ ಭಾಗ ತಾಮ್ರದ್ದು, ಬಿಸಿಯನ್ನು ರೆಕ್ಕೆಗಳಿಗೆ ಬೇಗ ದಾಟಿಸಲು. ನಡುವಿನದು ತೀರಾ ತೆಳ್ಳನೆಯ ಟೈಟಾನಿಯಂ ಕೊಳವೆ, ಬಿಸಿ ಮೇಲೇರದಂತೆ ತಡೆಯಲು. ಇದರಲ್ಲಿ ಪಿಟಿಎಫ್‌ಇ ಟ್ಯೂಬು ಮೇಲಿನ ತಣ್ಣನೆಯ ತಾಮ್ರದವರೆಗೆ ಮಾತ್ರ ಬರುತ್ತದೆ. ಅಲ್ಲಿಂದ ನಾಝಲ್‌ವರೆಗೆ ಫಿಲಮೆಂಟು ಬರೀ ಲೋಹದೊಳಗೆ ಇಳಿಯುತ್ತದೆ. ಬೇಯಲು ಟ್ಯೂಬೇ ಇಲ್ಲದಿದ್ದರೆ ಬೆಂದುಹೋಗುವುದೇನಿದೆ? ಈ ಸಲ ಭಾಮೈದನನ್ನು ಕೂರಿಸಿಕೊಂಡೇ ಹಾಕಿದೆ. ಕೊರಳು ಬದಲಾದ ಮೇಲೆ ಹೀಟರಿಗೆ ಹೊಸದಾಗಿ ಲೆಕ್ಕ ಕಲಿಸಬೇಕು, ಇಲ್ಲದಿದ್ದರೆ ಅಂಕಿ ಮೇಲೆ ಕೆಳಗೆ ಹಾರಾಡುತ್ತದೆ. ಫರ್ಮ್‌ವೇರಿನ ಅಂಕಿಯನ್ನು ಅವನೇ ಮತ್ತೆ 275 ಮಾಡಿ, ಇಷ್ಟು ಟೈಪ್ ಮಾಡಿದ:

```
M303 E0 S255 C8 U1
M500
```

ಎಂಟು ಸಲ ಕಾಯಿಸಿ ಆರಿಸಿ ಅದು ತನ್ನ ಲೆಕ್ಕ ತಾನೇ ಹಾಕಿಕೊಂಡಿತು. 255ರಲ್ಲಿ ನೈಲಾನ್ ಇಳಿಯತೊಡಗಿತು, ಟಕ್ ಸದ್ದೇ ಇಲ್ಲ. ಸಂಜೆ ಹೊತ್ತಿಗೆ ಹಾಲಿನ ಬಣ್ಣದ ಗಟ್ಟಿ ಕಪ್ಲರ್ ಕೈಯಲ್ಲಿತ್ತು. ಕೆಳಗೆ ಬೀಳಿಸಿದರೆ ಪುಟಿಯುತ್ತಿತ್ತು. ಅತ್ತೆ ಅಷ್ಟರಲ್ಲಿ ಊರಿಗೆ ಹೋಗಿದ್ದರು. ವೀಡಿಯೊ ಕಾಲಿನಲ್ಲಿ ತೋರಿಸಿದೆ.

"ತುಂಬಾ ಚೆನ್ನಾಗಿದೆ ಅಳಿಯಂದ್ರೇ. ಎರಡು ಗಂಟೇಲಿ ಆಯ್ತಾ?"

ನೆಟ್‌ವರ್ಕ್ ಸರಿಯಿಲ್ಲ ಎಂದು ಇಟ್ಟುಬಿಟ್ಟೆ.

ಮಾರನೇ ವಾರ ಮಗಳ ಶಾಲೆಗೆ ಸೌರಮಂಡಲದ ಮಾದರಿ ಬೇಕಾಯಿತು. ಅದು ಪಿಎಲ್‌ಎ ಕೆಲಸ, ನಾನು ಕಣ್ಣುಮುಚ್ಚಿ ಮಾಡುತ್ತಿದ್ದದ್ದು. ಬುಧ ಬಂತು, ಶುಕ್ರ ಬಂತು, ಭೂಮಿಯ ಅರ್ಧದಲ್ಲಿ ಟಕ್. ನೈಲಾನನ್ನು ನುಂಗಿದ ಕೊರಳು ಪಿಎಲ್‌ಎಯನ್ನು ಉಗುಳಿತು. ಲೋಹದ ಗೋಡೆ ಪಿಟಿಎಫ್‌ಇಯಷ್ಟು ಜಾರುವುದಿಲ್ಲ. ಪಿಎಲ್‌ಎ ಕಡಿಮೆ ಬಿಸಿಗೇ ಮೆತ್ತಗಾಗುವುದರಿಂದ ಗೋಡೆಗೆ ಅಂಟಿಕೊಳ್ಳುತ್ತದೆ. ಹಳೆ ವ್ಯವಸ್ಥೆಗೆ ಸರಿಹೊಂದಿದ್ದ 6 ಮಿಲಿಮೀಟರ್ ರಿಟ್ರಾಕ್ಷನ್ ಇನ್ನೂ ಹಾಗೇ ಇತ್ತು; ಪ್ರತಿ ಸಲವೂ ಮೆತ್ತಗಾದ ತುದಿಯನ್ನು ತಣ್ಣನೆಯ ಕೊರಳಿಗೆ ಎಳೆದು, ಅಲ್ಲಿ ಗಟ್ಟಿಯಾಗಿಸಿ, ನಾನೇ ಬಿರಡೆ ಹಾಕುತ್ತಿದ್ದೆ. ಪಿಎಲ್‌ಎ ಇನ್ನೂ ಸ್ವಲ್ಪ ಮೆತ್ತಗಿರುವಾಗಲೇ, 90 ಡಿಗ್ರಿಯ ಸುತ್ತಮುತ್ತ, ಫಿಲಮೆಂಟನ್ನು ಗಟ್ಟಿಯಾಗಿ ಹಿಡಿದೆಳೆದರೆ ಬಿರಡೆಯೂ ಅದರ ಬೆನ್ನಿಗೆ ಬರುತ್ತದೆ. ಬಂತು. ಈ ಸಲ ಮಜ್ಜಿಗೆ ದೂರ ಇಟ್ಟಿದ್ದೆ. ರಿಟ್ರಾಕ್ಷನ್ 3ಕ್ಕೆ ಇಳಿಸಿದೆ, ಕೊರಳಿನ ಫ್ಯಾನಿಗೆ ಕಟ್ಟಿದ್ದ ದೂಳು ಊದಿದೆ. ಗುರು, ಶನಿ ಎಲ್ಲ ಸರಿಯಾಗಿ ಬಂದವು. ಶನಿಯ ಬಳೆ ಮಾತ್ರ ಸ್ವಲ್ಪ ಎಳೆ ಬಿಟ್ಟಿತು, ಶನಿಯಲ್ಲವೆ ಎಂದು ಬಿಟ್ಟೆ.

ಹೆಂಡತಿ ಬಾಗಿಲಿಗೊರಗಿ ನೋಡುತ್ತಿದ್ದಳು.

"ರೀ, ಆ ಬಿಳಿ ಟ್ಯೂಬ್ ತೆಗೆದುಬಿಟ್ವಿ ಅಂದ್ರಲ್ಲ. ಇನ್ನೂ ಇದೆಯಲ್ಲ ಅಲ್ಲಿ?"

ಅದು ಇರಲೇಬೇಕು ಎಂದು ವಿವರಿಸಿದೆ. ಎಕ್ಸ್‌ಟ್ರೂಡರಿನಿಂದ ಕೊರಳಿನವರೆಗೆ ಫಿಲಮೆಂಟಿಗೆ ದಾರಿ ಬೇಕಲ್ಲ. ಈಗ ಅದರ ತುದಿ ತಣ್ಣನೆಯ ಜಾಗದಲ್ಲಿರುವುದರಿಂದ ಹಳದಿಯಾಗುವುದಿಲ್ಲ, ಉಬ್ಬುವುದಿಲ್ಲ, ಫಿಟ್ಟಿಂಗಿನ ಹಲ್ಲು ಕಚ್ಚಿದ ಕಡೆ ಸವೆಯುವುದಷ್ಟೇ.

"ಹಾಗಿದ್ರೆ ಅದನ್ನ ಇನ್ನು ಕಿತ್ತು ಕಿತ್ತು ನೋಡೋ ಅಗತ್ಯ ಇಲ್ಲ?"

"ಇಲ್ಲ" ಎಂದೆ.

"ಮತ್ತೆ ಕೈಯಲ್ಲಿ ಇಕ್ಕಳ ಯಾಕಿದೆ?"